ಬೋರ್ಡಿನಲ್ಲಿ 20, ಗೇಟಿನಲ್ಲಿ 40: ಆಸ್ಪತ್ರೆ ಪಾರ್ಕಿಂಗ್ ದುಡ್ಡು ವಾಪಸ್ ಪಡೆದ ನನ್ನ ಅನುಭವ

ಹೋದ ವರ್ಷ ಅವ್ವನ ಮಂಡಿ ಆಪರೇಷನ್, ಆಮೇಲೆ ಫಿಸಿಯೋಥೆರಪಿ ಅಂತ ಬೈಲಹೊಂಗಲದಿಂದ ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಗೆ ಹನ್ನೊಂದು ಸಲ ಓಡಾಡಿದೆ. ಬೇಸ್‌ಮೆಂಟಿಗೆ ಇಳಿಯುವ ಕಡೆ ಗೋಡೆಗೆ ಬೋರ್ಡ್ ಇದೆ. ಕಾರಿಗೆ 4 ಗಂಟೆವರೆಗೆ 20 ರೂಪಾಯಿ, ಆಮೇಲೆ ಗಂಟೆಗೆ 10. ನಾನು ಯಾವತ್ತೂ ಮೂರು ಗಂಟೆ ದಾಟಿದವನಲ್ಲ. ಆದರೂ ಹೊರಗೆ ಬರುವಾಗ ಗೇಟಿನ ಹುಡುಗ 40 ಕೇಳುತ್ತಿದ್ದ.

ಮೊದಲ ಆರು ಸಲ ಸುಮ್ನೆ ನೋಟು ಕೊಟ್ಟು ಬಂದೆ. ಅವ್ವ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ನರಳುತ್ತಿರುವಾಗ, ಹಿಂದೆ ಆಟೋದವರು ಹಾರ್ನ್ ಹೊಡೆಯುತ್ತಿರುವಾಗ ಇಪ್ಪತ್ತು ರೂಪಾಯಿಗೆ ಯಾರು ನಿಂತು ವಾದ ಮಾಡುತ್ತಾರೆ? ಅವರಿಗೂ ಅದು ಗೊತ್ತು. ಏಳನೇ ಸಲ ಕೇಳಿದೆ.

"ತಮ್ಮಾ, ಬೋರ್ಡ್ ಮ್ಯಾಲ ಇಪ್ಪತ್ತ್ ಅಂತ ಐತಲ್ಲಪಾ?"

"ಅದು ಹಳೇ ಬೋರ್ಡ್ ರೀ ಸರ್. ಈಗ ಜಿಎಸ್‌ಟಿ ಸೇರಿ ನಲವತ್ತ್ ರೀ."

ಪಾರ್ಕಿಂಗ್ ಮೇಲಿನ ಜಿಎಸ್‌ಟಿ 18 ಪರ್ಸೆಂಟ್. ಇಪ್ಪತ್ತಕ್ಕೆ ಸೇರಿಸಿದರೂ 23 ರೂಪಾಯಿ 60 ಪೈಸೆ ಆಗುತ್ತದೆ, ನಲವತ್ತಲ್ಲ. ತೆರಿಗೆ ತಗೊಳ್ಳುವುದಾದರೆ ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡಬೇಕು. ಬಿಲ್ ಕೇಳಿದರೆ ಮಷೀನ್ ಕೆಟ್ಟಿದೆ ಎಂದ.

ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಒಳಗೆ ಹೋಗುವಾಗ ಕೊಡುವ ಚೀಟಿಯನ್ನು ಹೊರಗೆ ಬರುವಾಗ ಅವರೇ ಇಸ್ಕೊಳ್ಳುತ್ತಾರೆ. ಅಂದರೆ ನಾನು ಎಷ್ಟು ಹೊತ್ತು ಇದ್ದೆ, ಎಷ್ಟು ಕೊಟ್ಟೆ ಅನ್ನುವುದಕ್ಕೆ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಉಳಿದ ಐದು ಸಲವೂ ನಾನು ಮಾಡಿದ್ದು ಇಷ್ಟೇ: ಚೀಟಿ ವಾಪಸ್ ಕೊಡುವ ಮೊದಲೇ ಗಾಡಿ ನಂಬರ್, ಸಮಯ ಕಾಣುವಂತೆ ಫೋಟೋ ತೆಗೆದೆ, ಬೋರ್ಡಿನದೂ ಒಂದು ತೆಗೆದೆ, ಹೊರಗೆ ಬರುವಾಗ ನಗದು ಕೊಡದೆ ಫೋನಿನಿಂದ ಹಾಕಿದೆ. ನೋಟ್ ಬರೆಯುವ ಜಾಗದಲ್ಲಿ 'ಕಾರ್ ಪಾರ್ಕಿಂಗ್' ಅಂತ ಹಾಕಿ ಗಾಡಿ ನಂಬರ್ ಸೇರಿಸಿದೆ. ಹಣ ಹೋದ ಸಮಯ, ಯಾರ ಹೆಸರಿಗೆ ಹೋಯಿತು, 12 ಅಂಕಿಯ ಯುಪಿಐ ನಂಬರ್ ಎಲ್ಲವೂ ಫೋನಿನಲ್ಲೇ ಉಳಿಯಿತು. ಚೀಟಿಯಲ್ಲಿ 10:12, ಹಣ ಹೋಗಿದ್ದು 12:50 ಅಂದರೆ ನಾಲ್ಕು ಗಂಟೆ ಆಗಿಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ ಅಲ್ವಾ.

ದೂರು ಬರೆಯುವ ಮೊದಲು ಬೋರ್ಡನ್ನು ಪೂರ್ತಿ ಓದಿದೆ. ಕೆಲವು ಕಡೆ ಕೆಳಗೆ ಸಣ್ಣ ಅಕ್ಷರದಲ್ಲಿ ರಾತ್ರಿ ದರ, ರಜಾ ದಿನದ ದರ, ಚೀಟಿ ಕಳೆದರೆ ದಂಡ ಅಂತ ಬರೆದಿರುವುದು ಉಂಟು. ಅಂಥದ್ದು ಅಲ್ಲಿದ್ದು ನಮಗೆ ಅನ್ವಯಿಸಿದರೆ, ಜಾಸ್ತಿ ತಗೊಂಡರು ಅನ್ನುವ ದೂರು ನಿಲ್ಲುವುದು ಕಷ್ಟ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಆಸ್ಪತ್ರೆಯ ಆಡಳಿತಾಧಿಕಾರಿಗೆ ಒಂದು ಪುಟದ ಪತ್ರ ಬರೆದೆ. ಐದು ತಾರೀಖು, ಪ್ರತಿ ಸಲ ಒಳಗೆ ಹೋದ ಹೊತ್ತು, ಹಣ ಹೋದ ಹೊತ್ತು, ಜಾಸ್ತಿ ತಗೊಂಡ 20. ನಗದು ಕೊಟ್ಟ ಆರು ಸಲವನ್ನೂ ಕೊನೆಗೆ ಸೇರಿಸಿದೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಂಡೆ. ಪಾರ್ಕಿಂಗ್ ಕಾಂಟ್ರಾಕ್ಟರದು, ನಮಗೆ ಸಂಬಂಧ ಇಲ್ಲ ಅಂದರು. ಜಾಗ ನಿಮ್ಮದು, ಬೋರ್ಡಿನ ಮೇಲೆ ಹೆಸರೂ ನಿಮ್ಮದೇ ಇದೆ, ಇಬ್ಬರನ್ನೂ ಸೇರಿಸಿ ದೂರು ಕೊಡುತ್ತೇನೆ ಅಂದೆ.

ಹತ್ತು ದಿನ ಉತ್ತರ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದೂರಿನ ನಂಬರ್ ಕೊಟ್ಟರು. ಅವರು ಆದೇಶ ಮಾಡುವುದಿಲ್ಲ, ದೂರನ್ನು ಎದುರಿನವರಿಗೆ ಕಳಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ಆದರೆ ಆ ನಂಬರ್ ಹಾಕಿ ಎರಡನೇ ಪತ್ರ ಕೊಟ್ಟ ಮೇಲೆ ಕಾಂಟ್ರಾಕ್ಟರ್ ಕಡೆಯವರೇ ಫೋನ್ ಮಾಡಿದರು. ನೂರು ರೂಪಾಯಿ ವಾಪಸ್ ಬಂತು. ಫೋನಿನಿಂದ ಕೊಟ್ಟ ಐದು ಸಲದ್ದು. ನಗದು ಕೊಟ್ಟ ಆರು ಸಲದ 120 ಬರಲಿಲ್ಲ, ಸಾಕ್ಷಿ ಎಲ್ಲಿದೆ ಎಂದರು.

ಆ ನೂರೂ ಬರದೇ ಇದ್ದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವವನಿದ್ದೆ. ಒಪ್ಪಿದ ದರಕ್ಕಿಂತ ಜಾಸ್ತಿ ತಗೊಂಡರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ದೂರುದಾರ ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು, ಹಾಗಾಗಿ ಬೇರೆ ಊರಿನ ಮಾಲ್‌ನಲ್ಲಿ ಹೀಗಾದರೂ ಬೆಳಗಾವಿಯಲ್ಲೇ ದೂರು ಹಾಕಬಹುದು. ಸೀಲು ಬಿದ್ದ ಪ್ರತಿ, ಫೋಟೋಗಳ ಪ್ರಿಂಟ್ ಇನ್ನೂ ಒಂದು ಕವರಿನಲ್ಲಿ ಇಟ್ಟಿದ್ದೇನೆ. ಅವ್ವನ ಚೆಕಪ್‌ಗೆ ಮೊನ್ನೆ ಮತ್ತೆ ಹೋಗಿದ್ದೆ. ಬೋರ್ಡ್ ಅದೇ ಇದೆ, ಹುಡುಗ 20 ತಗೊಂಡ, ಮಷೀನಿನಿಂದ ಬಿಲ್ಲೂ ಬಂತು.