ಮುದ್ದೆ ಪಾತ್ರೆ ಉಜ್ಜಿದ ಸ್ಪಂಜು ಹಾಲಿನ ಲೋಟಕ್ಕೆ ಬೇಡ

ಹಾಲಿನ ಲೋಟ ಕಮಟು ವಾಸನೆ ಹೊಡೀತಿದೆ ಅಂತ ಮೊದಲು ಹೇಳಿದ್ದು ನಮ್ಮ ಅತ್ತೆ. ನಾನು ಹಾಲಿನ ಮೇಲೆ ಅನುಮಾನಪಟ್ಟೆ. ಆಮೇಲೆ ಸೋಪು ಬದಲಿಸಿದೆ. ಒಂದು ದಿನ ತೊಳೆದಿಟ್ಟ ಖಾಲಿ ಲೋಟ ಮೂಸಿದರೂ ಅದೇ ವಾಸನೆ. ಸಿಂಕ್ ಪಕ್ಕದಲ್ಲಿದ್ದ ಹಳದಿ ಸ್ಪಂಜನ್ನು ಹಿಂಡಿ ಮೂಸಿದೆ. ಕಳ್ಳ ಸಿಕ್ಕಿದ.

ನಮ್ಮದು ಕೋಲಾರ. ಮನೆಯಲ್ಲಿ ಐದು ಜನ, ರಾತ್ರಿ ಮುದ್ದೆ ಆಗಲೇಬೇಕು. ಮುದ್ದೆ ಪಾತ್ರೆ ಉಜ್ಜಿದ ಸ್ಪಂಜಿನಲ್ಲೇ ಲೋಟಗಳನ್ನೂ ತೊಳೆಯುತ್ತಿದ್ದೆವು. ಬೆಂದ ರಾಗಿ ಹಿಟ್ಟು ಸ್ಪಂಜಿನ ತೂತುಗಳಿಗೆ ಹೊಕ್ಕರೆ ಎಷ್ಟು ಹಿಂಡಿದರೂ ಪೂರ್ತಿ ಹೊರಗೆ ಬರಲ್ಲ. ರಾತ್ರಿಯೆಲ್ಲ ಒಳಗೇ ಹುಳಿಯುತ್ತದೆ. ಬ್ಯಾಕ್ಟೀರಿಯಾಗೆ ತೇವವೂ ಸಿಕ್ಕಿತು, ಊಟವೂ ಸಿಕ್ಕಿತು.

ಸ್ಪಂಜನ್ನು ಐದು ನಿಮಿಷ ನೀರಿನಲ್ಲಿ ಕುದಿಸಿ ನೋಡಿದೆ. ವಾಸನೆ ಹೋಯಿತು, ಎರಡೇ ದಿನಕ್ಕೆ ವಾಪಸ್ ಬಂತು. 2017ರಲ್ಲಿ ಜರ್ಮನಿಯ ಸಂಶೋಧಕರು ಮನೆಗಳಲ್ಲಿ ಬಳಸಿದ 14 ಸ್ಪಂಜುಗಳನ್ನು ಪರೀಕ್ಷಿಸಿದ್ದರು. ಆಗಾಗ ಶುಚಿ ಮಾಡುತ್ತಿದ್ದ ಸ್ಪಂಜುಗಳಲ್ಲೂ ಬ್ಯಾಕ್ಟೀರಿಯಾ ಕಮ್ಮಿ ಏನೂ ಇರಲಿಲ್ಲ. ವಾರಕ್ಕೊಮ್ಮೆ ಬದಲಿಸಿ ಅಂತ ಅವರ ಸಲಹೆ. ನನಗೆ ವಾರಕ್ಕೊಂದು ಸ್ಪಂಜು ದುಬಾರಿ ಅನ್ನಿಸಿತು. ಅದಕ್ಕೆ ಒಂದನ್ನು ಕತ್ತರಿಯಲ್ಲಿ ಎರಡು ತುಂಡು ಮಾಡುತ್ತೇನೆ. ಲೋಟ, ತಟ್ಟೆಗೆ ಅರ್ಧ ಸ್ಪಂಜು ಸಾಕು. ಚಿಕ್ಕದಾದ್ದರಿಂದ ಬೇಗ ಒಣಗುತ್ತದೆ ಕೂಡ.

ಮುದ್ದೆ ಪಾತ್ರೆಗೆ ಈಗ ಸ್ಪಂಜು ಮುಟ್ಟಿಸುವುದೇ ಇಲ್ಲ. ಮುದ್ದೆ ಕಟ್ಟಿದ ತಕ್ಷಣ ಪಾತ್ರೆಗೆ ತಣ್ಣೀರು ತುಂಬಿಸಿ ಬಿಡುತ್ತೇನೆ. ಊಟ ಮುಗಿಯುವಷ್ಟರಲ್ಲಿ ಅಂಚಿನ ಹಿಟ್ಟು ನೆನೆದು ಮೆತ್ತಗಾಗುತ್ತದೆ. ಅದನ್ನು ಮರದ ಸೌಟಿನಲ್ಲಿ ಕೆರೆದು ಎಮ್ಮೆಯ ಕಲಗಚ್ಚಿಗೆ ಹಾಕುತ್ತೇನೆ. ತಳಕ್ಕೆ ಸೀದು ಹತ್ತಿದ್ದು ಉಳಿದರೆ ಮಾತ್ರ ಸ್ಟೀಲ್ ಸ್ಕ್ರಬ್ಬರ್. ನೆನೆಸದೆ ಉಜ್ಜಿದರೆ ಹಿಟ್ಟು ಸುರುಳಿಗಳಿಗೆ ಮೆತ್ತಿಕೊಂಡು ಸ್ಕ್ರಬ್ಬರೇ ಉಂಡೆಯಾಗುತ್ತದೆ. ಆಮೇಲೆ ಅದನ್ನು ತೊಳೆಯಲು ಇನ್ನೊಂದು ಸ್ಕ್ರಬ್ಬರ್ ಬೇಕು! ನಮ್ಮದು ದಪ್ಪ ಅಲ್ಯೂಮಿನಿಯಂ ಪಾತ್ರೆ. ಉಜ್ಜಿದಾಗ ಕೈಗೆ ಕಪ್ಪು ಹತ್ತುತ್ತದಲ್ಲ, ಅದು ಕೊಳೆಯಲ್ಲ, ಪಾತ್ರೆಯೇ ಸವೆಯುತ್ತಿರುವುದು. ಹಾಗಾಗಿ ಬೇಕಾದಷ್ಟೇ ಉಜ್ಜಬೇಕು.

ಶುಚಿಯ ಲೆಕ್ಕದಲ್ಲಿ ನನಗೆ ಸ್ಟೀಲ್ ಸ್ಕ್ರಬ್ಬರೇ ಮೇಲು. ನೀರು ಹಿಡಿದಿಟ್ಟುಕೊಳ್ಳಲ್ಲ, ಜಾಡಿಸಿ ತೂಗುಹಾಕಿದರೆ ಬೆಳಗ್ಗೆ ಹೊತ್ತಿಗೆ ಒಣಗಿರುತ್ತದೆ. ನಮ್ಮ ಮನೆಯಲ್ಲಿ ಎರಡು ತಿಂಗಳು ಬರುತ್ತದೆ. ಮೊದಲೆಲ್ಲ ಪೂರ್ತಿ ಬಿಚ್ಚಿ ಹೋಗುವವರೆಗೂ ಎಳೆಯುತ್ತಿದ್ದೆ. ಒಂದು ಸಲ ಬಸ್ಸಾರಿನಲ್ಲಿ ಮಗನ ಬಾಯಿಗೆ ಚೂಪಾದ ತಂತಿ ಸಿಕ್ಕಿತು. ಪುಣ್ಯಕ್ಕೆ ನುಂಗಲಿಲ್ಲ. ಈಗ ವಾರಕ್ಕೊಮ್ಮೆ ಒಣಗಿದ ಸ್ಕ್ರಬ್ಬರನ್ನು ಬಿಳಿ ತಟ್ಟೆಯ ಮೇಲೆ ಕುಟ್ಟಿ ನೋಡುತ್ತೇನೆ. ಒಂದೇ ಒಂದು ಚೂರು ಉದುರಿದರೂ ಕಸದ ಬುಟ್ಟಿಗೆ.

ಹಸಿರು ಸ್ಕ್ರಬ್ ನೋಡೋಕೆ ಬಟ್ಟೆ ಥರ ಇದೆ, ಅದಕ್ಕೇ ಮೋಸ ಹೋಗುವುದು. ನೈಲಾನ್ ಎಳೆಗಳಿಗೆ ಗಟ್ಟಿ ಪುಡಿ ಅಂಟಿಸಿರುತ್ತಾರೆ, ಹೆಚ್ಚುಕಮ್ಮಿ ಮರಳು ಕಾಗದದ ಹಾಗೆ. ಇದು ಗೊತ್ತಿಲ್ಲದೆ ನಮ್ಮ ಯಜಮಾನರು ಸಹಾಯ ಮಾಡ್ತೀನಿ ಅಂತ ಹೊಸ ನಾನ್‌ಸ್ಟಿಕ್ ತವಾ ಉಜ್ಜಿದರು. ಗೆರೆ ಬಿದ್ದ ಜಾಗದಲ್ಲೇ ಮರುದಿನ ಚಪಾತಿ ಅಂಟಿತು. ತಿಂಗಳೊಳಗೆ ಲೇಪನ ಏಳತೊಡಗಿ ತವಾ ಅಟ್ಟ ಸೇರಿತು. ನಾನ್‌ಸ್ಟಿಕ್‌ಗೆ ಸ್ಪಂಜಿನ ಮೆತ್ತನೆ ಮುಖ ಮಾತ್ರ. ಸ್ಪಂಜಿನ ಬೆನ್ನಿಗೆ ಅಂಟಿಸಿರುವ ಹಸಿರು ಪದರವೂ ಅದೇ ಜಾತಿ, ನೆನಪಿರಲಿ. ಮಾಮೂಲಿ ಸ್ಟೀಲ್ ಪಾತ್ರೆ, ಕುಕ್ಕರಿನ ಒಳಗೆಲ್ಲ ಹಸಿರು ಸ್ಕ್ರಬ್ ಚೆನ್ನಾಗಿದೆ. ಫಳಫಳ ಹೊಳೆಯುವ ಡಬ್ಬಿಗಳಿಗೆ ಬೇಡ, ಮಂಕಾಗುತ್ತವೆ. ಸುಮಾರು ಒಂದು ತಿಂಗಳಿಗೆ ಒರಟು ಹೋಗಿ ನುಣ್ಣಗಾಗುತ್ತದೆ. ಆಮೇಲೆ ನಾವು ಜಾಸ್ತಿ ಒತ್ತಿ ಉಜ್ಜುತ್ತೇವೆ, ಕೈ ನೋಯುವುದೇ ಬಂತು.

ಕಬ್ಬಿಣದ ಕಾವಲಿ ವಿಷಯದಲ್ಲಿ ಮಾತ್ರ ಅತ್ತೆ ಹೇಳಿದ್ದೇ ಸರಿ. ಎಣ್ಣೆ ಕಾಯಿಸಿ ಕಾಯಿಸಿ ಕಟ್ಟಿದ ಕಪ್ಪು ಪದರ ಸ್ಟೀಲ್ ಸ್ಕ್ರಬ್ಬರಿಗೆ ಎದ್ದು ಬಂದರೆ ದೋಸೆ ಏಳಲ್ಲ. ಅವರು ತೆಂಗಿನ ನಾರಿನಲ್ಲಿ ಬಿಸಿನೀರು ಹಾಕಿ ಒಂದು ಸುತ್ತು ಉಜ್ಜುತ್ತಾರೆ. ಸೋಪಿಲ್ಲ. ಒಲೆಯ ಮೇಲೇ ಒಣಗಿಸಿ ಎಣ್ಣೆ ಸವರಿಡುತ್ತಾರೆ. ನಾರನ್ನು ಎರಡು ದಿನಕ್ಕೆ ಎಸೆಯುತ್ತಾರೆ. ಮನೆಯಲ್ಲಿ ಕಾಯಿ ಸುಲಿದಾಗೆಲ್ಲ ಹೊಸದು ಸಿಗುತ್ತದಲ್ವಾ.

ನಾವು ಸ್ಪಂಜು, ಸ್ಟೀಲ್ ಸ್ಕ್ರಬ್ಬರ್, ಹಸಿರು ಸ್ಕ್ರಬ್ ಮೂರನ್ನೂ ಈಗ ಸಿಂಕಿನ ಮೇಲೆ ಬೇರೆ ಬೇರೆ ಮೊಳೆಗೆ ತೂಗುಹಾಕುತ್ತೇವೆ. ವಾರ ಮುಗಿದ ಅರ್ಧ ಸ್ಪಂಜಿನ ಒಂದು ಮೂಲೆ ಕತ್ತರಿಸುತ್ತೇನೆ. ಮೂಲೆ ಇಲ್ಲದ್ದು ಸಿಂಕ್ ಮತ್ತು ಒಲೆಕಟ್ಟೆಗೆ ಅಂತ ಮನೆಯವರಿಗೆಲ್ಲ ಗೊತ್ತು. ಇನ್ನೊಂದು ವಾರ ಅಲ್ಲಿ ದುಡಿದು ಅದು ಕಸಕ್ಕೆ ಹೋಗುತ್ತದೆ.