ಮಾಲಿನ್ಯದ ಕೋಷ್ಟಕ: ಕೊನೆಯ ಕಾಲಂ ಕೆಡಿಸಿಕೊಳ್ಳಬೇಡಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಪರಿಸರ ನೋಟ್ಸ್ ತೆರೆದರೆ ಹೆಚ್ಚು ಕಡಿಮೆ ಒಂದೇ ಥರದ ಕೋಷ್ಟಕ ಕಾಣುತ್ತದೆ. ಎಡಕ್ಕೆ ವಾಯು, ಜಲ, ಮಣ್ಣು, ಶಬ್ದ ಎಂದು ನಾಲ್ಕು ಸಾಲು. ಮೇಲೆ ಮೂಲ, ಪರಿಣಾಮ, ನಿಯಂತ್ರಣ. ವಾಯುವಿನ ಮುಂದೆ ‘ಕಾರ್ಖಾನೆ, ವಾಹನ’. ಜಲದ ಮುಂದೆಯೂ ‘ಕಾರ್ಖಾನೆ’. ನಿಯಂತ್ರಣ ಅಂದರೆ ನಾಲ್ಕೂ ಕಡೆ ‘ಗಿಡ ನೆಡುವುದು, ಜನಜಾಗೃತಿ’. ದಾವಣಗೆರೆಯಲ್ಲಿ ಸಾಮಾನ್ಯ ಪತ್ರಿಕೆಗೆ ಪಾಠ ಹೇಳುವ ನನಗೆ ಇಂಥ ಹಾಳೆ ನೋಡಿ ನೋಡಿ ಸಾಕಾಗಿದೆ. ‘ಸ್ಕ್ರಬ್ಬರ್ ಯಾವುದನ್ನು ತೆಗೆಯುತ್ತದೆ?’ ಎಂದೋ ‘ಹೊಂದಿಸಿ ಬರೆಯಿರಿ’ ಎಂದೋ ಪ್ರಶ್ನೆ ಬಂದರೆ ಈ ಹಾಳೆ ಒಂದು ಅಂಕಕ್ಕೂ ಆಗಿಬರುವುದಿಲ್ಲ.

ಹೆಜ್ಜೆ 1: ಹಾಳೆ

ಎ4 ಹಾಳೆಯನ್ನು ಅಡ್ಡ ಇಟ್ಟುಕೊಳ್ಳಿ. ಪೆನ್ಸಿಲ್‌ನಲ್ಲೇ ಬರೆಯಿರಿ. ನಾಲ್ಕು ಕಾಲಂ ಸಾಕು, ಆದರೆ ಕೊನೆಯದಕ್ಕೆ ಅರ್ಧ ಹಾಳೆ ಬಿಡಿ. ಬಣ್ಣದ ಹೈಲೈಟರ್ ಬೇಡ. ಎಲ್ಲಕ್ಕೂ ಬಣ್ಣ ಬಳಿದ ಮೇಲೆ ಯಾವುದು ಮುಖ್ಯ ಅಂತ ಗೊತ್ತೇ ಆಗಲ್ಲ.

ಹೆಜ್ಜೆ 2: ಸಾಲುಗಳು

‘ವಾಯುಮಾಲಿನ್ಯ’ ಅಂತ ಒಂದೇ ಸಾಲು ಹಾಕಬೇಡಿ. ಮಾಲಿನ್ಯಕಾರಕಕ್ಕೆ ಒಂದೊಂದು ಸಾಲು ಕೊಡಿ. ಗಾಳಿಯಲ್ಲಿ ದೂಳಿನ ಕಣ, ಗಂಧಕದ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್. ನೀರಿನಲ್ಲಿ ಕೊಳಚೆ, ನೈಟ್ರೇಟ್, ಕೀಟನಾಶಕ, ಫ್ಲೋರೈಡ್, ಪಾದರಸ. ದೂಳನ್ನು ಹಿಡಿಯುವ ಯಂತ್ರ ಅನಿಲವನ್ನು ಹಿಡಿಯುವುದಿಲ್ಲ. ಎರಡನ್ನೂ ಒಂದೇ ಸಾಲಿಗೆ ತುರುಕಿದರೆ ಕೊನೆಯ ಕಾಲಂನಲ್ಲಿ ಸುಳ್ಳು ಬರೆಯಲೇಬೇಕಾಗುತ್ತದೆ.

ಹೆಜ್ಜೆ 3: ಮೂಲ ಮತ್ತು ಪರಿಣಾಮ

ಇದು ಸುಲಭ, ಪುಸ್ತಕ ನೋಡಿ ತುಂಬಿ. ಒಂದೇ ಒಂದು ಕಡೆ ನಿಧಾನಿಸಿ. ಗೊಬ್ಬರದ ಪರಿಣಾಮ ಮತ್ತು ಕೀಟನಾಶಕದ ಪರಿಣಾಮವನ್ನು ಅದಲು ಬದಲು ಮಾಡುವವರು ಬಹಳ.

ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗೆ ಹಾಕಿದ ಗೊಬ್ಬರದಲ್ಲಿ ಬೆಳೆ ಹೀರದೆ ಉಳಿದದ್ದು ಬಸಿಗಾಲುವೆ ಸೇರಿ ಕೆರೆಗೆ ಬಂತು ಅಂದುಕೊಳ್ಳಿ. ಪಾಚಿಗೆ ಹಬ್ಬ. ಅದು ಹಬ್ಬಿ, ಸತ್ತು, ಕೊಳೆಯುತ್ತದೆ. ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಮೀನು ಸಾಯುವುದು ಉಸಿರುಗಟ್ಟಿ, ವಿಷದಿಂದಲ್ಲ. ಇದು ಯುಟ್ರೋಫಿಕೇಶನ್. ಕೊಳೆಸುವ ಬ್ಯಾಕ್ಟೀರಿಯಾಕ್ಕೆ ಎಷ್ಟು ಆಮ್ಲಜನಕ ಬೇಕು ಎಂಬುದರ ಅಳತೆಯಾದ ಬಿಒಡಿ ಏರುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕ ಇಳಿಯುತ್ತದೆ.

ಡಿಡಿಟಿ ಹಾಗಲ್ಲ. ಅದು ಬೇಗ ಕೊಳೆಯುವುದಿಲ್ಲ, ಕೊಬ್ಬಿನಲ್ಲಿ ಕೂರುತ್ತದೆ, ತಿನ್ನುವವರಿಂದ ತಿನ್ನುವವರಿಗೆ ಹೆಚ್ಚುತ್ತಾ ಹೋಗುತ್ತದೆ. ಕೊನೆಗೆ ಮೀನು ತಿನ್ನುವ ಹಕ್ಕಿಯ ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ಇದು ಜೈವಿಕ ವರ್ಧನೆ. ಪಾದರಸವೂ ಇದೇ ದಾರಿ. ಜಪಾನಿನ ಮಿನಮಾಟ ರೋಗ ಅದರದ್ದೇ.

ಹೆಜ್ಜೆ 4: ನಿಯಂತ್ರಣ

ಕೆಡುವುದು ಇಲ್ಲೇ. ಈ ಕಾಲಂನಲ್ಲಿ ‘ಗಿಡ ನೆಡುವುದು’, ‘ಜನಜಾಗೃತಿ’, ‘ಕಠಿಣ ಕಾನೂನು’ ಎಂಬ ಮೂರು ಮಾತು ಬರೆಯಬಾರದು. ನನ್ನ ತರಗತಿಯಲ್ಲಂತೂ ನಿಷೇಧ. ಅವು ತಪ್ಪು ಅಂತಲ್ಲ. ಯಾವ ಸಾಲಿಗೆ ಹಾಕಿದರೂ ಕೂರುತ್ತವೆ, ಅದೇ ತೊಂದರೆ.

ಬದಲಿಗೆ ಪ್ರತಿ ಸಾಲಿಗೂ ಎರಡು ಪ್ರಶ್ನೆ ಕೇಳಿ. ಒಂದು, ಇದು ಕಣವೋ, ಅನಿಲವೋ, ನೀರಿನಲ್ಲಿ ಕರಗಿದ್ದೋ? ಎರಡು, ಇದು ಹೊರಗೆ ಬರಲು ಒಂದು ಬಾಯಿ ಇದೆಯೇ? ಬಾಯಿ ಅಂದರೆ ಚಿಮಣಿ, ಸೈಲೆನ್ಸರ್, ಚರಂಡಿ ಪೈಪು. ಬಾಯಿ ಇದ್ದರೆ ಅಲ್ಲೇ ಯಂತ್ರ ಇಟ್ಟು ಹಿಡಿಯಬಹುದು. ಇಲ್ಲದಿದ್ದರೆ ಹುಟ್ಟುವ ಜಾಗದಲ್ಲೇ ಕಡಿಮೆ ಮಾಡಬೇಕು.

ದೂಳಿನ ಸಾಲನ್ನೇ ಮಾಡಿ ನೋಡೋಣ. ಗಾಳಿಯ ಗುಣಮಟ್ಟದ ಮಿತಿ ಮೀರಿದ ನಗರಗಳಿಗಾಗಿ ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತಲ್ಲ, ಅದರ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಜತೆ ದಾವಣಗೆರೆಯೂ ಇದೆ. ಪಿಎಂ10, ಅಂದರೆ 10 ಮೈಕ್ರೋಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಕ್ಕೆ ದೇಶದ ಮಿತಿ ಒಂದು ಘನ ಮೀಟರ್ ಗಾಳಿಗೆ ವಾರ್ಷಿಕ ಸರಾಸರಿ 60 ಮೈಕ್ರೋಗ್ರಾಂ. ಪಿಎಂ2.5ಕ್ಕೆ 40.

ಈಗ ಮೂಲ ಬರೆಯಿರಿ. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಕ್ಕೆ ಚಿಮಣಿ ಇದೆ. ಅಲ್ಲಿ ಉತ್ತರ ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್. ಒಳಗಿನ ತಂತಿಗಳಿಗೆ ಸಾವಿರಾರು ವೋಲ್ಟ್ ಕೊಡುತ್ತಾರೆ. ಹೊಗೆಯ ಜತೆ ಬಂದ ದೂಳಿನ ಕಣಕ್ಕೆ ಋಣ ವಿದ್ಯುದಾವೇಶ ಅಂಟುತ್ತದೆ, ಕಣ ಪಕ್ಕದ ಲೋಹದ ತಟ್ಟೆಗೆ ಹೋಗಿ ಕೂರುತ್ತದೆ. ಆಗಾಗ ತಟ್ಟೆ ಬಡಿದರೆ ದೂಳು ಕೆಳಗೆ ಬೀಳುತ್ತದೆ. ಶೇ 99ಕ್ಕಿಂತ ಜಾಸ್ತಿ ಕಣ ಸಿಗುತ್ತದೆ. ಹೊಗೆ ಒಳಗೆ ತುಂಬಾ ಜೋರಾಗಿ ಹರಿದರೆ ಕಣ ಕೂರಲ್ಲ, ಆದ್ದರಿಂದ ವೇಗ ಕಡಿಮೆ ಇರಬೇಕು.

ಅದೇ ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್ ಮಾತ್ರ ಈ ತಟ್ಟೆಗಳ ನಡುವೆ ಹಾಗೇ ಹಾದುಹೋಗುತ್ತದೆ. ಅದು ಅನಿಲ. ಅದಕ್ಕೆ ಸ್ಕ್ರಬ್ಬರ್ ಬೇಕು. ಸುಣ್ಣ ಅಥವಾ ಸುಣ್ಣಕಲ್ಲಿನ ನೀರನ್ನು ಸಿಂಪಡಿಸಿದರೆ ಆಮ್ಲ ಗುಣದ ಅನಿಲ ಅದರ ಜತೆ ಸೇರಿ ಹೊಗೆಯಿಂದ ಬೇರೆಯಾಗುತ್ತದೆ, ಕೊನೆಗೆ ಜಿಪ್ಸಂ ಸಿಗುತ್ತದೆ. ಕಾರಿನ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಮೂರನೇ ಜಾತಿ. ಅದು ಏನನ್ನೂ ಹಿಡಿದಿಡುವುದಿಲ್ಲ, ಬದಲಾಯಿಸುತ್ತದೆ: ಕಾರ್ಬನ್ ಮಾನಾಕ್ಸೈಡ್ ಅನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ನೈಟ್ರೋಜನ್ ಆಕ್ಸೈಡ್ ಅನ್ನು ನೈಟ್ರೋಜನ್ ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಒಂದು ಬಣ್ಣದ ಚಾರ್ಟ್‌ನಲ್ಲಿ ಕನ್ವರ್ಟರ್ ‘ಕಾರ್ಬನ್ ಡೈಆಕ್ಸೈಡ್ ತಡೆಯುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ತಡೆಯುವುದಲ್ಲ, ಹೊರಗೆ ಬಿಡುವುದೇ ಅದನ್ನು. ಸೀಸ ಇರುವ ಪೆಟ್ರೋಲ್ ಹಾಕಿದರೆ ಒಳಗಿನ ಪ್ಲಾಟಿನಂ ಕೆಲಸ ನಿಲ್ಲುತ್ತದೆ, ಇದೂ ಪ್ರಶ್ನೆಯಾಗುತ್ತದೆ.

ಇನ್ನು ನಮ್ಮೂರಿನ ರಸ್ತೆ. ಡಾಂಬರಿನ ಅಂಚಿನ ಮಣ್ಣು, ಕಟ್ಟಡ ಕೆಲಸ, ಮುಚ್ಚದೆ ಓಡುವ ಮರಳು ಲಾರಿ. ಇವಕ್ಕೆ ಚಿಮಣಿ ಎಲ್ಲಿದೆ? ಇಲ್ಲ. ಹಾಗಾಗಿ ಇಲ್ಲಿ ಪ್ರೆಸಿಪಿಟೇಟರ್ ಬರೆದರೆ ನಗೆಪಾಟಲು. ಅಂಚಿಗೆ ಕಲ್ಲು ಹಾಸುವುದು, ಯಂತ್ರದಿಂದ ಗುಡಿಸುವುದು, ನೀರು ಚಿಮುಕಿಸುವುದು, ಲಾರಿಗೆ ತಾಡಪಾಲು ಕಟ್ಟುವುದು ಎಂದು ಬರೆಯಬೇಕು. ಮಾಲಿನ್ಯಕಾರಕ ಒಂದೇ, ಬಾಯಿ ಇಲ್ಲದ್ದರಿಂದ ಉತ್ತರ ಬೇರೆ. ಮಂಡಕ್ಕಿ ಭಟ್ಟಿ ಎರಡರ ನಡುವಿನದು. ಹೊಟ್ಟು ಉರಿಸುವ ಒಲೆಗೆ ಹೊಗೆ ಕೊಳವೆ ಇರಬಹುದು, ಆದರೆ ಸಣ್ಣ ಭಟ್ಟಿಗೆ ಪ್ರೆಸಿಪಿಟೇಟರ್ ದುಬಾರಿ. ಅಲ್ಲಿ ಚೆನ್ನಾಗಿ ಉರಿಯುವ ಒಲೆ, ಎತ್ತರದ ಕೊಳವೆ, ಬೂದಿಯನ್ನು ಮುಚ್ಚಿ ಸಾಗಿಸುವುದು ಎಂದು ಬರೆಯುವುದು ಸರಿ. ಎತ್ತರದ ಕೊಳವೆ ಹೊಗೆಯನ್ನು ದೂರಕ್ಕೆ ಹಂಚುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ.

ಕೋಷ್ಟಕಕ್ಕೆ ಬಗ್ಗದ ಸಾಲು: ಫ್ಲೋರೈಡ್

ಚಿತ್ರದುರ್ಗ, ಜಗಳೂರು ಕಡೆಯ ಹುಡುಗರು ಇದನ್ನು ಮನೆಯ ಬೋರ್‌ವೆಲ್‌ನಿಂದಲೇ ಬಲ್ಲರು. ಆದರೂ ‘ಮೂಲ’ ಎಂಬಲ್ಲಿ ‘ಕಾರ್ಖಾನೆ ತ್ಯಾಜ್ಯ’ ಎಂದೇ ಬರೆಯುತ್ತಾರೆ! ನಮ್ಮ ಕಡೆ ಇದು ಬರುವುದು ಬಂಡೆಯಿಂದ. ಗ್ರಾನೈಟ್ ಜಾತಿಯ ಕಲ್ಲಿನಲ್ಲಿರುವ ಫ್ಲೋರೈಡ್ ಖನಿಜ ನಿಧಾನಕ್ಕೆ ಕರಗಿ ಅಂತರ್ಜಲ ಸೇರುತ್ತದೆ. ನೀರು ಬಂಡೆಯ ಜತೆ ಹೆಚ್ಚು ಕಾಲ ನಿಂತಷ್ಟೂ ಜಾಸ್ತಿ ಕರಗುತ್ತದೆ. ಹಾಗಾಗಿ ಮೂಲದಲ್ಲಿ ‘ನೈಸರ್ಗಿಕ, ಬಂಡೆ, ಆಳದ ಬೋರ್‌ವೆಲ್’ ಎಂದು ಬರೆಯಿರಿ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ವರ್ಷಗಟ್ಟಲೆ ಮಿತಿ ಮೀರಿದ ನೀರು ಕುಡಿದರೆ ಮೊದಲು ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ. ಆಮೇಲೆ ಕೀಲು ಬಿಗಿತ, ಮೂಳೆ ಬಾಗುವುದು. ಹಲ್ಲಿನ ಪಟ್ಟೆ ಬರುವುದು ಹಲ್ಲು ಬೆಳೆಯುವ ವಯಸ್ಸಿನಲ್ಲಿ, ಅಂದರೆ ಮಕ್ಕಳಲ್ಲಿ.

ನಿಯಂತ್ರಣಕ್ಕೆ ಬನ್ನಿ. ಬಂಡೆಗೆ ಯಂತ್ರ ಕೂರಿಸಲಾಗದು. ಬಾಯಿ ಇರುವುದು ನಲ್ಲಿಯ ಕಡೆ ಮಾತ್ರ. ಫ್ಲೋರೈಡ್ ಕರಗಿರುವುದರಿಂದ ಸೋಸಿದರೆ ಹೋಗದು. ಕುದಿಸಿದರೆ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಏರುತ್ತದೆ. ಬ್ಲೀಚಿಂಗ್ ಪೌಡರ್ ರೋಗಾಣು ಕೊಲ್ಲುತ್ತದೆ, ಫ್ಲೋರೈಡ್ ಅನ್ನು ಮುಟ್ಟುವುದಿಲ್ಲ. ನಲಗೊಂಡ ವಿಧಾನದಲ್ಲಿ ಸುಣ್ಣ ಮತ್ತು ಪಟಿಕ ಹಾಕಿ ಕಲಕುತ್ತಾರೆ. ಪಟಿಕದ ಅಲ್ಯೂಮಿನಿಯಂ ಹಿಂಜಿದ ಹತ್ತಿಯಂತೆ ಗಡ್ಡೆಗಟ್ಟಿ ಫ್ಲೋರೈಡ್ ಅನ್ನು ಹಿಡಿದು ತಳಕ್ಕೆ ಇಳಿಯುತ್ತದೆ. ಫ್ಲೋರೈಡ್ ಅನ್ನು ತನ್ನ ಮೈಗೆ ಅಂಟಿಸಿಕೊಳ್ಳುವ ಸಕ್ರಿಯ ಅಲ್ಯೂಮಿನಾ ಇನ್ನೊಂದು ದಾರಿ. ಊರೂರಲ್ಲಿರುವ ಶುದ್ಧ ನೀರಿನ ಘಟಕದ ಆರ್‌ಒ ಮೂರನೆಯದು. ಆದರೆ ಆರ್‌ಒ ಹೊರಗೆ ಬಿಡುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುತ್ತದೆ, ಅದನ್ನು ದನಗಳ ತೊಟ್ಟಿಗೆ ಬಿಡುವುದು ತಪ್ಪು. ಎಲ್ಲಕ್ಕಿಂತ ಗಟ್ಟಿ ಉತ್ತರ, ಬೋರ್‌ವೆಲ್ ಬಿಟ್ಟು ಕೆರೆ, ನದಿ ಅಥವಾ ಮಳೆ ನೀರಿಗೆ ಹೋಗುವುದು. ಶಾಂತಿಸಾಗರ ಕೆರೆಯ ನೀರು ಚಿತ್ರದುರ್ಗದವರೆಗೆ ಪೈಪಿನಲ್ಲಿ ಹೋಗುವುದನ್ನು ಉದಾಹರಣೆಗೆ ಬರೆದುಕೊಳ್ಳಿ.

ಇಷ್ಟಾದ ಮೇಲೆ ಹಾಳೆಯ ಒಂದು ತುಂಡು ಹೀಗೆ ಕಾಣಬೇಕು:

| ಮಾಲಿನ್ಯಕಾರಕ | ಮೂಲ | ಪರಿಣಾಮ | ನಿಯಂತ್ರಣ |
|---|---|---|---|
| ದೂಳು (ಚಿಮಣಿ) | ಕಲ್ಲಿದ್ದಲು ಸ್ಥಾವರ | ಶ್ವಾಸಕೋಶದ ತೊಂದರೆ | ಪ್ರೆಸಿಪಿಟೇಟರ್ |
| ದೂಳು (ರಸ್ತೆ) | ಮಣ್ಣಿನ ಅಂಚು, ಲಾರಿ | ಅದೇ | ಗುಡಿಸು, ನೀರು, ತಾಡಪಾಲು |
| ಗಂಧಕದ ಡೈಆಕ್ಸೈಡ್ | ಕಲ್ಲಿದ್ದಲು | ಆಮ್ಲ ಮಳೆ | ಸುಣ್ಣದ ಸ್ಕ್ರಬ್ಬರ್ |
| ಫ್ಲೋರೈಡ್ | ಬಂಡೆ | ಹಲ್ಲು, ಮೂಳೆ | ಪಟಿಕ–ಸುಣ್ಣ, ಅಲ್ಯೂಮಿನಾ, ಆರ್‌ಒ, ಬೇರೆ ನೀರು |

ಹೆಜ್ಜೆ 5: ಪರೀಕ್ಷಿಸುವುದು

ಮೊದಲ ಮೂರು ಕಾಲಂ ಮೇಲೆ ಪುಸ್ತಕ ಇಟ್ಟು ಮುಚ್ಚಿ. ಕೊನೆಯ ಕಾಲಂ ಮಾತ್ರ ಓದಿ ಸಾಲು ಯಾವುದು ಎಂದು ಹೇಳಲು ಬರಬೇಕು. ‘ಪಟಿಕ–ಸುಣ್ಣ’ ಅಂದರೆ ಫ್ಲೋರೈಡ್ ಅಂತ ತಟ್ಟನೆ ಬಂತಾ, ಸಾಲು ಸರಿ ಇದೆ. ಎರಡು ಮೂರು ಸಾಲಿಗೆ ಹೊಂದುವಂತಿದ್ದರೆ ಅಳಿಸಿ ಮತ್ತೆ ಬರೆಯಿರಿ. ಪೆನ್ಸಿಲ್ ಅಂದಿದ್ದು ಇದಕ್ಕೇ.

ಶಬ್ದದ ಸಾಲಿಗೆ ಹೆಚ್ಚು ಹೊತ್ತು ಬೇಡ: ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್, ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಕಾಯ್ದೆಗಳನ್ನು ಕೋಷ್ಟಕದೊಳಗೆ ತುಂಬಬೇಡಿ, ಹಾಳೆಯ ಹಿಂದೆ ಬರೆಯಿರಿ. ನೀರಿಗೆ 1974, ಗಾಳಿಗೆ 1981, ಭೋಪಾಲ್ ದುರಂತದ ನಂತರ ಬಂದ ಪರಿಸರ ಸಂರಕ್ಷಣಾ ಕಾಯ್ದೆ 1986. ಶಬ್ದಕ್ಕೆ ಬೇರೆ ಕಾಯ್ದೆ ಹುಡುಕಬೇಡಿ. 1987ರ ತಿದ್ದುಪಡಿ ಅದನ್ನು ಗಾಳಿಯ ಕಾಯ್ದೆಯೊಳಗೇ ಸೇರಿಸಿತು, 2000ದ ಶಬ್ದ ನಿಯಮಗಳು ಬಂದದ್ದು 1986ರ ಕಾಯ್ದೆಯ ಅಡಿ.