'ಲಾ ಶಕ್ಕ' ಸರಿ, 'ಲಾ ಶಕ್ಕನ್' ತಪ್ಪು: ಅರಬಿಯ 'ಇಲ್ಲವೇ ಇಲ್ಲ' ಬರೆಯುವುದು ಹೇಗೆ?

ಸಂಜೆಯ ಅರಬಿ ಪಾಠದಲ್ಲಿ 'ಸಂದೇಹವೇ ಇಲ್ಲ' ಎನ್ನಲು ವಿದ್ಯಾರ್ಥಿಗಳು 'ಲಾ ಶಕ್ಕನ್' ಅಂತ ಬರೆದಿದ್ದನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ನಮ್ಮ ದ್ವಿತೀಯಾ ವಿಭಕ್ತಿಯಂಥ 'ನಸಬ್' ಅಂದರೆ ಕೊನೆಗೆ 'ಅನ್' ಬರಬೇಕು ಎಂದು ಮೊದಲೇ ಕಲಿತಿರುತ್ತಾರಲ್ವಾ, ಅದನ್ನೇ ಇಲ್ಲಿಗೂ ಹಚ್ಚುತ್ತಾರೆ.

ಮೊದಲು ಅರ್ಥ. 'ಲಾ ರಜುಲ ಫಿಲ್ ಬೈತಿ' ಅಂದರೆ ಮನೆಯಲ್ಲಿ ಗಂಡಸೇ ಇಲ್ಲ. ನಮ್ಮ 'ಏ' ಮಾಡುವ ಕೆಲಸವನ್ನು ಅಲ್ಲಿ ಕೊನೆಯ 'ಅ' ಮಾಡುತ್ತದೆ. 'ಲಾ ರಜುಲುನ್' ಅಂದರೆ ಅದು ಬೇರೆ 'ಲಾ': ಒಬ್ಬನಲ್ಲ, ಇಬ್ಬರಿದ್ದಾರೆ ಎಂದು ಮುಂದುವರಿಸಲು ಅಲ್ಲಿ ಜಾಗವಿದೆ. 'ಲಾ ರಜುಲ' ಅಂದಮೇಲೆ ಆ ಜಾಗವಿಲ್ಲ.

ಮುಂದಿನ ಹೆಜ್ಜೆ ಸುಲಭ. ಈ 'ಅ' ಬರಬೇಕಾದರೆ ನಾಮಪದಕ್ಕೆ ನಿರ್ದಿಷ್ಟತೆ ಹೇಳುವ 'ಅಲ್' ಇರಬಾರದು, 'ಲಾ'ಗೆ ಅಂಟಿಕೊಂಡೇ ಬರಬೇಕು, 'ಲಾ'ದ ಮೊದಲು 'ಬಿ' ಎಂಬ ಅವ್ಯಯ ಇರಬಾರದು. 'ಬಿಲಾ ಶಕ್ಕಿನ್' ಎಂದಾಗ 'ಬಿ'ಯದೇ ಅಧಿಕಾರ, ಅದಕ್ಕೇ 'ಇನ್'.

ಎಡವುವುದು ಇದರ ನಂತರ. ನಾಮಪದ ಒಂಟಿಯೋ, ಬಾಲ ಕಟ್ಟಿಕೊಂಡಿದೆಯೋ ನೋಡಿ. ಮೀನು ಮಾರುವವನನ್ನೇ ತಗೊಳ್ಳಿ. 'ಲಾ ಬಾಇಅ ಹುನಾ', ಇಲ್ಲಿ ಮಾರುವವನೇ ಇಲ್ಲ. ಒಂಟಿ ಪದ, ಕೊನೆಗೆ 'ಅ', ತನ್ವೀನ್ ಅಂದರೆ ಕೊನೆಯ 'ನ್' ಇಲ್ಲ. ವ್ಯಾಕರಣದವರು ಇದನ್ನು 'ಮಬ್ನೀ' ಎನ್ನುತ್ತಾರೆ, ಅಂದರೆ ಆ ಸ್ವರ ಅಲ್ಲೇ ಗಟ್ಟಿಯಾಗಿ ನಿಂತಿದೆ. 'ಲಾ ಬಾಇಅ ಸಮಕಿನ್ ಹುನಾ', ಮೀನು ಮಾರಾಟಗಾರನೇ ಇಲ್ಲ. ಇದು ಷಷ್ಠಿಯ ಜೋಡಿ, ಇದಾಫಾ. ಕಿವಿಗೆ ಅದೇ 'ಅ' ಕೇಳಿದರೂ ಇದು ನಿಜವಾದ ನಸಬ್. ತನ್ವೀನ್ ಬಿದ್ದಿದ್ದು ಜೋಡಿಯಿಂದಾಗಿ. ಮೂರನೆಯದು 'ಲಾ ಬಾಇಅನ್ ಸಮಕನ್ ಹುನಾ'. ಇಲ್ಲಿ ಮೀನು ಷಷ್ಠಿಯಲ್ಲಿಲ್ಲ, ಮಾರುವ ಕ್ರಿಯೆಯ ಕರ್ಮವಾಗಿದೆ, ಹಾಗಾಗಿ 'ಅನ್' ಬರಲೇಬೇಕು. 'ಲಾ' ಆದಮೇಲೆ 'ಅನ್' ಬರುವುದು ಇಂಥ ಬಾಲವಿದ್ದಾಗ ಮಾತ್ರ.

ಮೊದಲೆರಡರ ವ್ಯತ್ಯಾಸ ಕಾಣಬೇಕೆಂದರೆ ಬಹುವಚನ ಮಾಡಿ. 'ಲಾ ಬಾಇಈನ ಹುನಾ', ಆದರೆ 'ಲಾ ಬಾಇಈ ಸಮಕಿನ್ ಹುನಾ'. ಜೋಡಿಯಲ್ಲಿ 'ನ' ಉದುರಿತು. ನಾನು ಪ್ರತಿ ಹೊಸ ಪದಕ್ಕೂ ಈ ಪರೀಕ್ಷೆ ಮಾಡಿಸುತ್ತೇನೆ, ನೀವೂ ಮಾಡಿ. 'ಅ', 'ಇ' ಸ್ವರಗಳನ್ನು ತೋರಿಸುವ ಫತ್ಹಾ, ಕಸ್ರಾ ಗುರುತುಗಳೇ ಇಲ್ಲದ ಅಗ್ಗದ ಕೈಪಿಡಿಗಳನ್ನು ಮಾತ್ರ ಕೊಳ್ಳಬೇಡಿ, ಇಡೀ ಪಾಠ ನಿಂತಿರುವುದೇ ಆ ಗುರುತುಗಳ ಮೇಲೆ. ಮಾತಾಡುವಾಗ 'ಲಾ ಶಕ್' ಎಂದು ನಿಲ್ಲಿಸಿದರೆ ತೊಂದರೆಯಿಲ್ಲ, ಆದರೆ ಅದನ್ನೇ ರೂಢಿ ಮಾಡಿಕೊಂಡವರು ಮುಂದೆ ಪದ ಸೇರಿಸಬೇಕಾದಾಗ ತಡವರಿಸುತ್ತಾರೆ.

'ಅಲ್' ಇದ್ದರೆ, ಅಥವಾ ನಡುವೆ ಬೇರೆ ಪದ ನುಸುಳಿದರೆ 'ಲಾ' ಬಲ ಕಳೆದುಕೊಳ್ಳುತ್ತದೆ. ನಾಮಪದ 'ಉ' ಅಥವಾ 'ಉನ್'ಗೆ ಮರಳುತ್ತದೆ, ಇನ್ನೊಂದು 'ಲಾ' ಕೂಡ ಬೇಕಾಗುತ್ತದೆ: 'ಲಾ ಹುನಾ ಬಾಇಉನ್ ವ ಲಾ ಮುಶ್ತರಿನ್', ಇಲ್ಲಿ ಮಾರುವವನೂ ಇಲ್ಲ, ಕೊಳ್ಳುವವನೂ ಇಲ್ಲ. ('ಮುಶ್ತರಿನ್'ನ 'ಇನ್' ನೋಡಿ ಗಾಬರಿ ಬೇಡ, ಆ ಪದದ ಪ್ರಥಮಾ ರೂಪವೇ ಹಾಗೆ.)

ಕೊನೆಗೆ ಆಖ್ಯಾತ, ಅಂದರೆ ಆ ನಾಮಪದದ ಬಗ್ಗೆ ಹೇಳುವ ಪದ: ಅದಕ್ಕೆ 'ಉನ್'. 'ಲಾ ಬಾಇಅ ಸಮಕಿನ್ ಹಾದಿರುನ್', ಮೀನು ಮಾರಾಟಗಾರ ಯಾರೂ ಹಾಜರಿಲ್ಲ. ತಿಳಿದೇ ಇದ್ದರೆ ಅದನ್ನು ಬಿಟ್ಟುಬಿಡುತ್ತಾರೆ, 'ಪರವಾಗಿಲ್ಲ' ಎನ್ನಲು 'ಲಾ ಬಅ್ಸ' ಅಷ್ಟೇ ಸಾಕು.